ಮಗಳ ಮೂಗಿನಲ್ಲಿ ಇದ್ದದ್ದು ಮಣಿಯಲ್ಲ

ನಮ್ಮ ಮನೆಯಲ್ಲಿ ಮಣಿಗೆ ಕೊರತೆ ಇಲ್ಲ. ಊರು ಗುಳೇದಗುಡ್ಡ, ಅತ್ತೆ ಖಣದ ಕುಬುಸ ಹೊಲಿಯುತ್ತಾರೆ. ಬೆನ್ನ ಮೇಲಿನ ದಾರಕ್ಕೆ ಗೊಂಡೆ ಕಟ್ಟಲು ಬಣ್ಣಬಣ್ಣದ ಮಣಿ ಒಂದು ಡಬ್ಬಿ ತುಂಬ ಇಟ್ಟಿದ್ದಾರೆ. ಹಾಗಾಗಿ ಮೂರೂವರೆ ವರ್ಷದ ಮಗಳು ಮಧ್ಯಾಹ್ನ ಮಲಗಿ ಎದ್ದವಳೇ ಮೂಗು ಹಿಡಿದುಕೊಂಡು ಬಂದು "ಅವ್ವಾ, ಚುಟುಚುಟು ಅಂತೈತಿ" ಅಂದಾಗ ಮನೆಯವರೆಲ್ಲರ ಬಾಯಲ್ಲೂ ಬಂದದ್ದು ಒಂದೇ ಮಾತು: ಮಣಿ ಹಾಕ್ಕೊಂಡಾಳ.

ಅವಳನ್ನೇ ಕೇಳಿದೆವು. ಅವಳೂ "ಹೂಂ, ಮಣಿ" ಅಂದಳು. ಈ ವಯಸ್ಸಿನ ಮಕ್ಕಳು ನಾವು ಕೊಟ್ಟ ಉತ್ತರವನ್ನೇ ನಮಗೆ ವಾಪಸ್ ಕೊಡುತ್ತವೆ. "ಮಣಿ ಹಾಕ್ಕೊಂಡಿ ಏನು?" ಅಂತ ಕೇಳಿದರೆ ಹೂಂ ಅನ್ನದೆ ಇನ್ನೇನು ಅಂದಾರು?

ನನಗೆ ಅನುಮಾನ ಬಂದದ್ದು ಬಲಗಡೆ ಹೊಳ್ಳೆಯಿಂದ ಇಳಿಯುತ್ತಿದ್ದ ನೀರು ನೋಡಿ. ನೆಗಡಿ ಆದರೆ ಎರಡೂ ಹೊಳ್ಳೆ ಸೋರುತ್ತವೆ. ಇಲ್ಲಿ ಒಂದೇ ಕಡೆ, ಅದೂ ಬೂದಿ ಕಲಸಿದಂಥ ಬಣ್ಣ. ಬಿಳಿ ಕರ್ಚೀಫಿನಲ್ಲಿ ಒರೆಸಿದರೆ ಕಪ್ಪು ಗೆರೆ ಉಳಿಯಿತು. ಪ್ಲಾಸ್ಟಿಕ್ ಮಣಿ ಬಣ್ಣ ಬಿಡಬಹುದು, ಆದರೆ ಎರಡು-ಮೂರು ತಾಸಿನಲ್ಲಿ ಕಪ್ಪು ನೀರು ಬರುವುದು ಮಣಿಯ ಕೆಲಸ ಅಲ್ಲ.

ಬನಶಂಕರಿ ಜಾತ್ರೆಯಲ್ಲಿ ತಂದ ಆಟಿಕೆಗಳ ಬುಟ್ಟಿ ಸುರುವಿದೆ. ಬೆರಳಿಗೆ ಸಿಕ್ಕಿಸಿಕೊಳ್ಳುವ ಲೈಟ್ ಒಂದಿತ್ತು. ರಬ್ಬರ್ ಪಟ್ಟಿ, ನೀಲಿ ಬೆಳಕು, ಇಪ್ಪತ್ತು ರೂಪಾಯಿಯದು. ಅದರ ಹಿಂದಿನ ಮುಚ್ಚಳಕ್ಕೆ ಸ್ಕ್ರೂ ಇಲ್ಲ, ಉಗುರಿನಲ್ಲಿ ಎಬ್ಬಿಸಿದರೆ ಸಾಕು. ಮೂರು ಸೆಲ್ ಕೂರುವ ಜಾಗದಲ್ಲಿ ಎರಡೇ ಇದ್ದವು. ತೊಗರಿ ಕಾಳಿಗಿಂತ ಸ್ವಲ್ಪ ಅಗಲ, ಚಪ್ಪಟೆ. ಮೇಲೆ ಎಜಿ3 ಅಂತ ಕೊರೆದಿತ್ತು. ಇದನ್ನೇ ಎಲ್‌ಆರ್41 ಅಂತಲೂ ಕರೆಯುತ್ತಾರೆ. ಅಡ್ಡಳತೆ ಎಂಟು ಮಿಲಿಮೀಟರಿನ ಹತ್ತಿರ, ಪುಟ್ಟ ಮೂಗಿಗೆ ಹೇಳಿ ಮಾಡಿಸಿದ ಅಳತೆ.

ಮಂಚದ ಕೆಳಗೂ ಹಾಸಿಗೆಯಲ್ಲೂ ಹುಡುಕಿದೆವು, ಮೂರನೆಯದು ಸಿಗಲಿಲ್ಲ. ಅಲ್ಲಿಗೆ ಹುಡುಕುವುದು ನಿಲ್ಲಿಸಿದೆ. ಸೆಲ್ ಬೇರೆಲ್ಲೋ ಬಿದ್ದಿರಬಹುದು, ಮೂಗಿನಲ್ಲಿ ಇರುವುದು ನಿಜಕ್ಕೂ ಮಣಿಯೇ ಇರಬಹುದು. ಆದರೆ ಎರಡರಲ್ಲಿ ಯಾವುದು ಅಂತ ಗೊತ್ತಿಲ್ಲದಿದ್ದರೆ ಬ್ಯಾಟರಿ ಅಂತಲೇ ಹಿಡಿದು ಓಡಬೇಕು. ಹಾಗೆ ಹಿಡಿದು ತಪ್ಪಾದರೆ ಒಂದು ಸಂಜೆ ಹಾಳು. ಮಣಿ ಅಂತ ಹಿಡಿದು ತಪ್ಪಾದರೆ ಮೂಗಿನ ನಡುಗೋಡೆಗೆ ತೂತು.

ಅಷ್ಟರಲ್ಲಿ ಅಕ್ಕಪಕ್ಕದವರು ಸೇರಿದ್ದರು. ಆ ಹತ್ತು ನಿಮಿಷದಲ್ಲಿ ಬಂದ ಸಲಹೆಗಳನ್ನು ಬಿಡಿಸಿ ಹೇಳುತ್ತೇನೆ, ಏಕೆಂದರೆ ಎಲ್ಲರ ಮನೆಯಲ್ಲೂ ಬರುವುದು ಇವೇ.

ಅತ್ತೆ ಚಿಮಟ ತಂದರು, ಹುಬ್ಬಿನ ಕೂದಲು ಕೀಳುವಂಥದ್ದು. ಬೆಳಕು ಬಿಟ್ಟು ನೋಡಿದರೆ ಒಳಗೆ ಬೆಳ್ಳಗೆ ಏನೋ ಹೊಳೆಯುತ್ತಿತ್ತು, ಕೈಗೆ ಸಿಕ್ಕೇಬಿಡುತ್ತದೆ ಅನ್ನುವಷ್ಟು ಹತ್ತಿರ. ಆಸೆ ಆಗುವುದು ಅಲ್ಲೇ. ಆದರೆ ನುಣುಪಾದ ಗುಂಡನೆಯ ವಸ್ತುವನ್ನು ಚಿಮಟದಲ್ಲಿ ಹಿಡಿಯಲು ಹೋದರೆ ಅದು ಮುಂದೆ ಬರುವುದಿಲ್ಲ, ಜಾರಿ ಹಿಂದಕ್ಕೆ ಹೋಗುತ್ತದೆ. ಮೂಗಿನ ಹಿಂಭಾಗ ಗಂಟಲಿಗೆ ತೆರೆದುಕೊಳ್ಳುತ್ತದೆ. ಅಲ್ಲಿಂದ ಶ್ವಾಸನಾಳಕ್ಕೆ ಬಿದ್ದರೆ ಉಸಿರಿಗೇ ಕುತ್ತು. ಅನ್ನನಾಳಕ್ಕೆ ಇಳಿದು ಸಿಕ್ಕಿಕೊಂಡರೆ ಬ್ಯಾಟರಿ ಅಲ್ಲಿ ಇನ್ನೂ ಕೆಟ್ಟದಾಗಿ ಸುಡುತ್ತದೆ. ಹೇರ್‌ಪಿನ್, ಕಿವಿಗೆ ಹಾಕುವ ಹತ್ತಿಕಡ್ಡಿ, ಕಿರುಬೆರಳು ಎಲ್ಲದರ ಕಥೆಯೂ ಇಷ್ಟೇ. ಜೊತೆಗೆ ಒಮ್ಮೆ ನೋವಾಗಿ ರಕ್ತ ಬಂದರೆ ಆಮೇಲೆ ಡಾಕ್ಟರಿಗೆ ಒಳಗಿನದು ಕಾಣುವುದಿಲ್ಲ, ಮಗು ಮೂಗು ಮುಟ್ಟಲೂ ಬಿಡುವುದಿಲ್ಲ.

ಪಕ್ಕದ ಮನೆ ಅಜ್ಜಿ ನಶ್ಯದ ಡಬ್ಬಿ ತೆಗೆದರು. "ಒಂದು ಚಿಟಿಕೆ ಏರಿಸು, ಸೀನಿದರೆ ಬಿದ್ದುಬಿಡ್ತೈತಿ" ಅಂದರು. ಸೀನುವ ಮುಂಚೆ ಮನುಷ್ಯ ಏನು ಮಾಡುತ್ತಾನೆ? ಗಟ್ಟಿಯಾಗಿ ಉಸಿರು ಒಳಗೆ ಎಳೆಯುತ್ತಾನೆ. ಸಣ್ಣ ಮಕ್ಕಳಿಗೆ "ಮೂಗು ಸೀಂಟು" ಅಂದರೂ ಅರ್ಧಕ್ಕರ್ಧ ಒಳಕ್ಕೇ ಎಳೆದುಕೊಳ್ಳುತ್ತವೆ.

ಇನ್ನೊಬ್ಬರು ಬೆಚ್ಚಗಿನ ಕೊಬ್ಬರಿ ಎಣ್ಣೆ ಅಂದರು. ಮೈದುನ ಮೆಡಿಕಲ್ ಶಾಪಿಗೆ ಹೋಗಿ ಮೂಗಿನ ಡ್ರಾಪ್ಸ್ ತರುತ್ತೇನೆ ಅಂತ ಚಪ್ಪಲಿ ಮೆಟ್ಟಿದ್ದ. ಈ ಡ್ರಾಪ್ಸ್ ವಿಷಯ ಮಾತ್ರ ಸ್ವಲ್ಪ ಹೊತ್ತು ನಿಂತು ಹೇಳಬೇಕು, ಮುಂದೆ ಹೇಳುತ್ತೇನೆ. ಬೆಳಗಾವಿಯಿಂದ ಫೋನಿನಲ್ಲಿ ಅಣ್ಣ "ಜೇನುತುಪ್ಪ ಹಾಕ್ರಿ, ನಾನು ಓದೀನಿ" ಅಂದ. ಅವನು ಓದಿದ್ದು ಸುಳ್ಳಲ್ಲ. ಆದರೆ ಅದು ಬ್ಯಾಟರಿ ನುಂಗಿದ, ಒಂದು ವರ್ಷ ದಾಟಿದ ಮಕ್ಕಳಿಗೆ ಆಸ್ಪತ್ರೆ ದಾರಿಯಲ್ಲಿ ಬಾಯಿಗೆ ಕೊಡುವುದು. ಮೂಗಿಗೆ ಸುರಿಯುವುದಲ್ಲ.

ನಾನು ಮಾಡಿದ್ದು ಇಷ್ಟು. ಮಗಳನ್ನು ಮಲಗಿಸಲಿಲ್ಲ, ನೆಟ್ಟಗೆ ಕೂರಿಸಿಕೊಂಡೆ. ತಿನ್ನಲು ಕುಡಿಯಲು ಏನೂ ಕೊಡಲಿಲ್ಲ. ಬೆರಳಿನ ಲೈಟನ್ನು ಉಳಿದ ಎರಡು ಸೆಲ್ ಸಮೇತ ಪ್ಲಾಸ್ಟಿಕ್ ಚೀಲಕ್ಕೆ ಹಾಕಿದೆ. ಓಣಿಯ ತುದಿಯಲ್ಲಿರುವ ನಮ್ಮ ಡಾಕ್ಟರ ಹತ್ತಿರ ಹೋದೆವು.

ಅವರು ಹೆಬ್ಬೆರಳಿನಿಂದ ಮೂಗಿನ ತುದಿ ಮೇಲೆತ್ತಿ ಟಾರ್ಚ್ ಬಿಟ್ಟರು, ಅಷ್ಟೇ. ಒಳಗೆ ಏನನ್ನೂ ತೂರಿಸಲಿಲ್ಲ. "ಮಣಿ ಆಗಿದ್ರ ಗುಂಡಗ ಕಾಣಬೇಕು. ಇದು ಚಪ್ಪಟೆ ಅಂಚು ಐತಿ, ಸುತ್ತ ಕಪ್ಪಾಗೇತಿ. ನನ್ನ ಹತ್ರ ತೆಗೆಯೋ ಸಾಮಾನಿಲ್ಲ ಅಕ್ಕಾರ, ಸುಮ್ನ ಕೈ ಹಾಕಂಗಿಲ್ಲ. ಬಾಗಲಕೋಟಿಗೆ ಹೊಂಡ್ರಿ, ನಾ ಫೋನ್ ಮಾಡ್ತೀನಿ." ಈ ಮನುಷ್ಯನ ಬಗ್ಗೆ ನನಗೆ ಗೌರವ ಹೆಚ್ಚಾದದ್ದು ಅವರು ಮಾಡದೇ ಬಿಟ್ಟ ಕೆಲಸಕ್ಕಾಗಿ.

ನಾವು ಕಾರಿನಲ್ಲಿ ಹೊರಟು ನವನಗರದ ಒಂದು ದೊಡ್ಡ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಸಂಜೆ ಐದು. ಕೌಂಟರಿನಲ್ಲಿ ನನ್ನ ಗಂಡ "ಮೂಗಿನ್ಯಾಗ ಏನೋ ಸಿಕ್ಕೈತ್ರಿ" ಅಂದ ತಕ್ಷಣ ಚೀಟಿ ಮಾಡಿಸಿ ಕುಳಿತುಕೊಳ್ಳಿ ಅಂದರು. ನಾನು ಚೀಲ ಎತ್ತಿ ತೋರಿಸಿ "ಬ್ಯಾಟರಿ ಸೆಲ್, ಮಧ್ಯಾಹ್ನದಿಂದ" ಅಂದೆ. ಸಿಸ್ಟರ್ ಒಬ್ಬರು ಆ ಚೀಲ ನೋಡಿ ನಮ್ಮನ್ನು ನೇರವಾಗಿ ಒಳಗೆ ಕರೆದುಕೊಂಡು ಹೋದರು. ಏನೋ ಸಿಕ್ಕಿದೆ ಅಂತ ಬರುವ ಮಕ್ಕಳು ದಿನಾ ಇರುತ್ತಾರೆ, ಪಾಪ, ಅವರಿಗಾದರೂ ಹೇಗೆ ಗೊತ್ತಾಗಬೇಕು?

ಕಿವಿ-ಮೂಗು-ಗಂಟಲಿನ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಮೊದಲ ಪ್ರಶ್ನೆ, ಯಾವಾಗಿನಿಂದ? ಲೆಕ್ಕ ಹಾಕಿದೆವು. ಒಂದು ಗಂಟೆಗೆ ಊಟ ಮಾಡಿಸುವಾಗ ಆ ಲೈಟ್ ಉರಿಯುತ್ತಿತ್ತು, ಗೋಡೆ ಮೇಲೆ ನೀಲಿ ಬೆಳಕು ಆಡಿಸುತ್ತಲೇ ತುತ್ತು ನುಂಗಿದ್ದಳು. ಅಂದರೆ ಅದಾದ ಮೇಲೆಯೇ. ಹೆಚ್ಚೆಂದರೆ ನಾಲ್ಕು ತಾಸು. ಎರಡನೆಯ ಪ್ರಶ್ನೆ, ಏನಾದರೂ ಹಾಕಿದಿರಾ, ಡ್ರಾಪ್ಸ್, ನೀರು, ಎಣ್ಣೆ? ಇಲ್ಲ ಅಂದಾಗ ಅವರು ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ಮೂರನೆಯದು, ಕೊನೆಗೆ ತಿಂದದ್ದು ಯಾವಾಗ?

ಎಕ್ಸ್‌ರೇ ಮಾಡಿಸಿದರು, ಎದುರಿನಿಂದ ಒಂದು, ಪಕ್ಕದಿಂದ ಒಂದು. ಪರದೆ ಮೇಲೆ ಬಿಳಿ ಬಿಲ್ಲೆ ಕಾಣಿಸಿತು. ಡಾಕ್ಟರು ಪೆನ್ನಿನ ತುದಿಯಿಂದ ಅಂಚು ತೋರಿಸಿದರು. ದೊಡ್ಡ ವೃತ್ತದ ಒಳಗೆ ಇನ್ನೊಂದು ತೆಳು ವೃತ್ತ ಇತ್ತು. ನಾಣ್ಯಕ್ಕೆ ಹೀಗೆ ಎರಡು ಉಂಗುರ ಬರುವುದಿಲ್ಲ, ಬ್ಯಾಟರಿಗೆ ಬರುತ್ತದೆ, ಏಕೆಂದರೆ ಅದು ಒಂದು ಬಟ್ಟಲಿನ ಮೇಲೆ ಸಣ್ಣ ಮುಚ್ಚಳ ಕೂರಿಸಿ ಮಾಡಿದ್ದು. ಇನ್ನೊಂದು ಫೋಟೋದಲ್ಲಿ ಬಿಲ್ಲೆ ಅಡ್ಡಲಾಗಿ ಕಂಡಿತು. ಒಂದು ಬದಿ ಅಗಲ, ಇನ್ನೊಂದು ಬದಿ ಕಿರಿದು. ಆ ಕಿರಿದು ಬದಿ ನೆಗೆಟಿವ್. ಅದು ಯಾವ ಕಡೆಗೆ ಮುಖ ಮಾಡಿದೆಯೋ ಅಲ್ಲಿ ಸುಟ್ಟಗಾಯ ಜಾಸ್ತಿ. ನನ್ನ ಮಗಳಿಗೆ ಅದು ನಡುಗೋಡೆಗೆ ಅಂಟಿಕೊಂಡಿತ್ತು.

"ಎಕ್ಸ್‌ರೇದಾಗ ಏನೂ ಕಾಣಲಿಲ್ಲ ಅಂದ್ರ ಮಣಿ ಅಂತ ತಿಳಿಬೇಕೇನ್ರಿ?" ಅಂತ ಕೇಳಿದೆ. ಪ್ಲಾಸ್ಟಿಕ್ ಮಣಿ ಎಕ್ಸ್‌ರೇಗೆ ಬೀಳುವುದೇ ಇಲ್ಲ ಅಂದರು. ಕಾಣದಿದ್ದರೆ ಬ್ಯಾಟರಿ ಅಲ್ಲ ಅಂತ ಹೇಳಬಹುದು, ಮೂಗು ಖಾಲಿ ಇದೆ ಅಂತ ಹೇಳಲು ಬರುವುದಿಲ್ಲ.

ಬ್ಯಾಟರಿ ಒಡೆದು ಒಳಗಿನ ಆಸಿಡ್ ಸೋರುತ್ತದೆ, ಅದಕ್ಕೇ ಅವಸರ ಅಂತ ನಾನು ಅಂದುಕೊಂಡಿದ್ದೆ. ನಮ್ಮಲ್ಲಿ ಎಲ್ಲರೂ ಹಾಗೇ ಹೇಳುವುದು. ವಿಷಯ ಬೇರೆಯೇ ಇದೆ. ಬ್ಯಾಟರಿ ಹೊಸದಾಗಿ, ಎಲ್ಲೂ ಒಡೆಯದೆ ಇದ್ದರೂ ಸುಡುತ್ತದೆ. ಮೂಗಿನ ಒಳಪದರ ಯಾವಾಗಲೂ ಒದ್ದೆ, ಆ ಒದ್ದೆಯಲ್ಲಿ ಉಪ್ಪು. ಬ್ಯಾಟರಿಯ ಎರಡು ಬದಿಗೂ ಅದು ತಗುಲಿದ ಕೂಡಲೇ ಕರೆಂಟ್ ಹರಿಯಲು ದಾರಿ ಆಗುತ್ತದೆ. ನೆಗೆಟಿವ್ ಬದಿಯಲ್ಲಿ ನೀರು ಒಡೆದು ಕ್ಷಾರ ಹುಟ್ಟುತ್ತದೆ, ಕಾಸ್ಟಿಕ್ ಸೋಡಾ ಜಾತಿಯದು. ಕ್ಷಾರ ಚರ್ಮವನ್ನು ಕರಗಿಸುತ್ತಾ ಒಳಕ್ಕೆ ಇಳಿಯುತ್ತದೆ. ಲೈಟ್ ಉರಿಯುವುದು ನಿಂತ ಹಳೇ ಸೆಲ್ಲಿನಲ್ಲೂ ಇದಕ್ಕೆ ಬೇಕಾಗುವಷ್ಟು ಶಕ್ತಿ ಉಳಿದಿರುತ್ತದೆ. "ಅದು ಡೆಡ್ ಸೆಲ್ ಬಿಡ್ರಿ" ಅನ್ನುವ ಸಮಾಧಾನಕ್ಕೆ ಅರ್ಥವಿಲ್ಲ.

ಡ್ರಾಪ್ಸ್ ಯಾಕೆ ಬೇಡ ಅನ್ನುವುದಕ್ಕೂ ಉತ್ತರ ಇಲ್ಲೇ ಇದೆ. ಸಲೈನ್ ಡ್ರಾಪ್ಸ್ ಅಂದರೆ ಉಪ್ಪುನೀರು. ನೆಗಡಿಯ ಡ್ರಾಪ್ಸ್ ಕೂಡ ನೀರಿನಂಥದ್ದೇ. ಬ್ಯಾಟರಿ ಒಳಗಿರುವಾಗ ಹಾಕಿದರೆ ಕರೆಂಟಿಗೆ ಇನ್ನಷ್ಟು ದಾರಿ ಮಾಡಿಕೊಟ್ಟಂತೆ, ಸುಡುವುದು ಜೋರಾಗುತ್ತದೆ. ಕೊಬ್ಬರಿ ಎಣ್ಣೆಯಲ್ಲಿ ಕರೆಂಟ್ ಹರಿಯುವುದಿಲ್ಲ, ನಿಜ. ಆದರೆ ಅದು ಸೆಲ್ಲನ್ನು ಜಾರಿಸುತ್ತದೆ, ಅಳುವ ಮಗುವಿನ ಎದೆಗೂ ಇಳಿಯಬಹುದು.

ನಡುಗೋಡೆಯೇ ಯಾಕೆ ಅಷ್ಟು ಸೂಕ್ಷ್ಮ ಅಂದರೆ, ಅದರ ಮುಂಭಾಗದಲ್ಲಿ ಇರುವುದು ಕಿವಿಯಲ್ಲಿರುವಂಥ ಮೆತ್ತನೆಯ ಎಲುಬು. ಅದಕ್ಕೆ ತನ್ನದೇ ಆದ ರಕ್ತನಾಳ ಇಲ್ಲ. ಎರಡೂ ಕಡೆಯ ತೆಳು ಪದರದಿಂದಲೇ ಅದರ ಪೋಷಣೆ ನಡೆಯಬೇಕು. ಒಂದು ಬದಿಯ ಪದರ ಸುಟ್ಟರೆ ಇನ್ನೊಂದು ಬದಿ ಕಾಪಾಡಬಹುದು. ಸುಡುವಿಕೆ ಆ ಕಡೆಗೂ ದಾಟಿದರೆ ಎಲುಬು ಸತ್ತು ತೂತು ಬೀಳುತ್ತದೆ. ಬೆಳೆಯುವ ಮೂಗಿಗೆ ಅದೇ ಆಧಾರ, ಆದ್ದರಿಂದ ಮುಂದೆ ಮೂಗಿನ ಬೆನ್ನು ಕುಸಿಯಲೂಬಹುದು. ಇದೆಲ್ಲ ಕೆಲವೇ ತಾಸುಗಳಲ್ಲಿ ಶುರುವಾಗುವ ಸಂಗತಿ. ಅದಕ್ಕೇ ನಾಳೆ ಬೆಳಗ್ಗೆ ಒಪಿಡಿಗೆ ತೋರಿಸೋಣ ಅನ್ನುವ ಮಾತು ಇಲ್ಲಿ ನಡೆಯುವುದಿಲ್ಲ.

ಅರಿವಳಿಕೆ ಕೊಡಬೇಕಾದರೆ ಸಾಮಾನ್ಯವಾಗಿ ಊಟವಾಗಿ ಆರು ತಾಸು ಕಾಯುತ್ತಾರೆ, ವಾಂತಿ ಬಂದು ಶ್ವಾಸಕ್ಕೆ ಹೋಗಬಾರದು ಅಂತ. ಮಗಳು ಉಂಡು ನಾಲ್ಕು ತಾಸು ಆಗಿತ್ತು. ದಾರಿಯಲ್ಲಿ ಬಿಸ್ಕೀಟ್ ಕೊಟ್ಟಿದ್ದರೆ ಲೆಕ್ಕ ಮೊದಲಿನಿಂದ ಶುರುವಾಗುತ್ತಿತ್ತು. "ಸೆಲ್ ಮುಂದೇ ಐತಿ. ಎಚ್ಚರದಾಗ ಒಂದ್ಸಲ ನೋಡ್ತೀನಿ. ಬರಲಿಲ್ಲ ಅಂದ್ರ ಜಗ್ಗಾಡಂಗಿಲ್ಲ, ಹಂಗ ಥಿಯೇಟರಿಗೆ ಒಯ್ತೀವಿ, ಆರು ತಾಸು ಕಾಯಂಗಿಲ್ಲ" ಅಂದರು ಡಾಕ್ಟರು. ಅರಿವಳಿಕೆ ಡಾಕ್ಟರಿಗೆ ಆಗಲೇ ಹೇಳಿ ಕಳಿಸಿದ್ದರು.

ಮಗಳನ್ನು ಕುತ್ತಿಗೆಯವರೆಗೆ ಬೆಡ್‌ಶೀಟಿನಲ್ಲಿ ಸುತ್ತಿ ನನ್ನ ತೊಡೆಯ ಮೇಲೆ ಕೂರಿಸಿದರು. ಅವಳ ಕಾಲು ನನ್ನ ಕಾಲುಗಳ ನಡುವೆ, ನನ್ನ ಕೈ ಅವಳ ಎದೆಯ ಸುತ್ತ. ಸಿಸ್ಟರ್ ತಲೆ ಹಿಡಿದರು. ಡಾಕ್ಟರ ಹಣೆಯ ಮೇಲೆ ಲೈಟ್ ಇತ್ತು, ಹಾಗಾಗಿ ಎರಡೂ ಕೈ ಖಾಲಿ. ನಮ್ಮಂಥವರು ಒಂದು ಕೈಯಲ್ಲಿ ಮೊಬೈಲ್ ಟಾರ್ಚ್ ಹಿಡಿದು ಇನ್ನೊಂದರಲ್ಲಿ ಚಿಮಟ ಆಡಿಸುವುದಕ್ಕೂ ಇದಕ್ಕೂ ಎಲ್ಲಿಯ ಸಾಟಿ? ಸಣ್ಣ ಉಪಕರಣದಿಂದ ಹೊಳ್ಳೆ ಅಗಲಿಸಿದರು. ತುದಿ ಬಾಗಿದ ತೆಳು ಕಡ್ಡಿಯೊಂದನ್ನು ಸೆಲ್ಲಿನ ಮೇಲ್ಭಾಗದಿಂದ ಹಾಯಿಸಿ ಅದರ ಹಿಂದಕ್ಕೆ ಒಯ್ದರು. ತುದಿಯನ್ನು ಕೆಳಕ್ಕೆ ತಿರುಗಿಸಿದರು. ಆಮೇಲೆ ಮೂಗಿನ ತಳದ ಗುಂಟ ಮುಂದಕ್ಕೆ ಎಳೆದರು. ಮುಂದಿನಿಂದ ಹಿಡಿಯುವ ಪ್ರಯತ್ನವೇ ಇಲ್ಲ, ಹಿಂದಿನಿಂದ ಕೆರೆದು ತರುವುದು. ಸ್ಟೀಲ್ ತಟ್ಟೆಗೆ ಟಣ್ ಅಂತ ಬಿತ್ತು.

ತಟ್ಟೆ ನನ್ನ ಮಗ್ಗುಲಲ್ಲೇ ಇತ್ತು. ಸೆಲ್ಲಿನ ಅಗಲದ ಬದಿ ಇನ್ನೂ ಹೊಳೆಯುತ್ತಿತ್ತು, ಅಕ್ಷರ ಓದಬಹುದಿತ್ತು. ಕಿರಿದು ಬದಿ ಕಪ್ಪು. ಅಂಚಿನ ಸುತ್ತ ಬೂದು ಬಣ್ಣದ ಲೋಳೆ, ಅದರಲ್ಲಿ ತೆಳುವಾದ ಚರ್ಮದ ಚೂರು ಅಂಟಿಕೊಂಡು ಬಂದಿತ್ತು.

ನಾನು ಮುಗಿಯಿತು ಅಂದುಕೊಂಡೆ. ಡಾಕ್ಟರಿಗೆ ಕೆಲಸ ಅಲ್ಲಿಂದ ಶುರು. ಸಿಸ್ಟರ್ ಸಲೈನ್ ಬಾಟಲಿ ತೆರೆದು ಸಿರಿಂಜಿಗೆ ಎಳೆದುಕೊಂಡಾಗ ನನಗೆ ಗಾಬರಿ ಆಯಿತು. ಉಪ್ಪುನೀರು ಬೇಡ ಅಂತ ಈಗಷ್ಟೇ ಹೇಳಿದ್ದರಲ್ಲ? ಬ್ಯಾಟರಿ ಹೊರಗೆ ಬಂದ ಮೇಲೆ ಕರೆಂಟ್ ಇಲ್ಲ, ಈಗ ಉಳಿದ ಕ್ಷಾರವನ್ನು ತೊಳೆಯಬೇಕು ಅಂದರು. ಅದೇ ನೀರು, ಮೊದಲು ಹಾಕಿದರೆ ಕೇಡು, ಆಮೇಲೆ ಔಷಧಿ. ಬೇರೆ ವಸ್ತು ಏನಾದರೂ ಇದೆಯಾ ಅಂತ ಎರಡೂ ಹೊಳ್ಳೆ ಮತ್ತು ಕಿವಿ ನೋಡಿದರು. ಒಂದು ಹಾಕಿಕೊಂಡ ಮಗು ಎರಡು ಹಾಕಿಕೊಂಡಿರಬಹುದಂತೆ. ಕೊನೆಗೆ ತೆಳು ದುರ್ಬೀನು ಬಿಟ್ಟು ಗಾಯ ತೋರಿಸಿದರು. ನಡುಗೋಡೆಯ ಬಲಬದಿಯಲ್ಲಿ ಬಟಾಣಿಯಷ್ಟು ಕಪ್ಪು ಮಚ್ಚೆ, ಎದುರಿನ ಪಕ್ಕದ ಗೋಡೆಯಲ್ಲಿ ಅದಕ್ಕಿಂತ ಸಣ್ಣದು. ಎಡಬದಿಯ ಪದರ ಕೆಂಪಗೆ, ಸರಿಯಾಗಿತ್ತು.

"ಇವತ್ತು ಕಂಡದ್ದೇ ಪೂರ್ತಿ ಗಾಯ ಅಂತ ತಿಳಿಬ್ಯಾಡ್ರಿ" ಅಂದರು. ಕ್ಷಾರದ ಗಾಯ ಸೆಲ್ ತೆಗೆದ ಮೇಲೂ ಕೆಲವು ದಿನ ಆಳವಾಗುತ್ತದೆ. ತೂತು ಬೀಳುವುದಿದ್ದರೆ ಸತ್ತ ಪದರ ಉದುರಿದ ಮೇಲೇ ಗೊತ್ತಾಗುವುದು, ವಾರಗಳು ಹಿಡಿಯಬಹುದು. ದಿನಕ್ಕೆ ಹಲವು ಸಲ ಸಲೈನ್ ಹನಿ, ಒಳಗೆ ಮುಲಾಮು, ಹಕ್ಕಳೆ ಕೀಳದಂತೆ ಕಾಯುವುದು. ಈ ಕೊನೆಯದೇ ಎಲ್ಲಕ್ಕಿಂತ ಕಷ್ಟ. ರಾತ್ರಿ ನಿದ್ದೆಯಲ್ಲಿ ಬೆರಳು ಹೋಗದಂತೆ ಅತ್ತೆ ಹಳೇ ಖಣದ ತುಂಡಿನಲ್ಲಿ ಕೈಚೀಲ ಹೊಲಿದುಕೊಟ್ಟರು.

ಮುಂದಿನ ವಾರದ ತಪಾಸಣೆಯಲ್ಲಿ ಕಪ್ಪು ಪದರ ಸುಮಾರು ಕಳಚಿತ್ತು. ಆದರೆ ಎದುರುಬದುರಿನ ಎರಡು ಗಾಯಗಳ ನಡುವೆ ಜೇಡನ ಬಲೆಯ ಎಳೆಯಂತೆ ಏನೋ ಕಟ್ಟಿಕೊಳ್ಳುತ್ತಿತ್ತು. ಹಸಿ ಗಾಯಗಳು ಒಂದಕ್ಕೊಂದು ಅಂಟಿದರೆ ಆ ಹೊಳ್ಳೆ ಮುಚ್ಚಿಹೋಗುತ್ತದೆ. ಡಾಕ್ಟರು ಮರಗಟ್ಟುವ ಔಷಧಿ ಹಾಕಿ ಅದನ್ನು ಬಿಡಿಸಿದರು. ಬ್ಯಾಟರಿ ಬಂತು, ಮಗು ಆಡುತ್ತಿದೆ ಅಂತ ನಾವು ಹೋಗದೇ ಇದ್ದಿದ್ದರೆ ಇದು ಗಟ್ಟಿಯಾಗಿ, ಬಿಡಿಸಲು ಆಪರೇಷನ್ನೇ ಬೇಕಾಗುತ್ತಿತ್ತು.

ಅವತ್ತು ಸಮಾಧಾನ ಇತ್ತು, ಕೇಳಿದೆ: ನಿಜಕ್ಕೂ ಮಣಿ ಆಗಿದ್ದರೆ? ಮಣಿ ಸುಡುವುದಿಲ್ಲ, ಉಸಿರಾಟ ಸರಿ ಇದ್ದರೆ ಇಷ್ಟು ಓಟ ಬೇಡ ಅಂದರು. ಹಾಗಂತ ವಾರಗಟ್ಟಲೆ ಬಿಡುವಂತೆಯೂ ಇಲ್ಲ, ಒಂದೇ ಹೊಳ್ಳೆಯಿಂದ ನಾರುವ ಸಿಂಬಳ ಬರುವ ಎಷ್ಟೋ ಮಕ್ಕಳ ಮೂಗಿನಲ್ಲಿ ಹೀಗೆ ಮರೆತುಹೋದ ಮಣಿ ಸಿಗುತ್ತದಂತೆ. ಮಣಿಗೆ ತಾಯಿ ಮಾಡಬಹುದಾದ ಒಂದು ಉಪಾಯ ಇದೆ. ಖಾಲಿ ಇರುವ ಹೊಳ್ಳೆಯನ್ನು ಬೆರಳಿನಿಂದ ಒತ್ತಿ ಮುಚ್ಚಬೇಕು. ಮಗುವಿಗೆ ಮುತ್ತು ಕೊಡುವಂತೆ ಬಾಯಿಗೆ ಬಾಯಿ ಪೂರ್ತಿ ಹಚ್ಚಬೇಕು. ಮೆಲ್ಲಗೆ ಊದುತ್ತಾ, ಒಳಗೆ ತಡೆ ಸಿಕ್ಕಿದಾಗ ಒಮ್ಮೆ ಚುರುಕಾಗಿ ಫೂ ಅನ್ನಬೇಕು. ಗಾಳಿ ಹಿಂದಿನಿಂದ ಬಂದು ಮಣಿಯನ್ನು ಮುಂದಕ್ಕೆ ತಳ್ಳುತ್ತದೆ. ಅವರ ಒಪಿಡಿಯಲ್ಲಿ ತಾಯಂದಿರಿಂದ ಇದನ್ನೇ ಮೊದಲು ಮಾಡಿಸುತ್ತಾರೆ, ಅರ್ಧಕ್ಕಿಂತ ಹೆಚ್ಚು ಸಲ ಬರುತ್ತದೆ ಅಂದರು. ಬರದಿದ್ದರೆ ಕೊಕ್ಕೆ ಇದ್ದೇ ಇದೆ. ಬ್ಯಾಟರಿ ಅಂತ ಅನುಮಾನ ಇದ್ದರೆ ಮನೆಯಲ್ಲಿ ಇದನ್ನು ಮಾಡುತ್ತಾ ಕೂರಬಾರದು, ಹೊತ್ತು ಹೋಗುತ್ತದೆ. ಬ್ಯಾಟರಿಯಷ್ಟೇ ಅವಸರದ ಇನ್ನೊಂದು ವಸ್ತು ಅಂದರೆ ಜೋಡಿ ಅಯಸ್ಕಾಂತ. ಹೊಳ್ಳೆಗೊಂದರಂತೆ ಹೋಗಿ ನಡುಗೋಡೆಯನ್ನು ಎರಡೂ ಕಡೆಯಿಂದ ಹಿಸುಕಿ ರಕ್ತ ಹೋಗದಂತೆ ಮಾಡುತ್ತವೆ.

ಈಗ ಗಾಯ ತುಂಬಿದೆ. ತೂತು ಬಿದ್ದಿಲ್ಲ, ಆ ಜಾಗದ ಪದರ ಸ್ವಲ್ಪ ತೆಳುವಾಗಿ ಬೆಳ್ಳಗಿದೆ, ಒಣಗಿದಾಗ ಒಮ್ಮೊಮ್ಮೆ ರಕ್ತ ಜಿನುಗುತ್ತದೆ. ಉಸಿರಾಡುವಾಗ ಸೀಟಿಯಂಥ ಸದ್ದು ಬಂದರೆ ಕೂಡಲೇ ಬನ್ನಿ ಅಂದಿದ್ದಾರೆ, ಅದು ಸಣ್ಣ ತೂತಿನ ಗುರುತು. ಮೂಗು ಬೆಳೆಯುವವರೆಗೆ ಆಗಾಗ ತೋರಿಸುತ್ತಿರಬೇಕು. ಮುಂದಿನ ತಪಾಸಣೆ ಯುಗಾದಿ ಕಳೆದ ಮೇಲೆ.